ಸ್ನೇಕ್ ಪ್ಲಾಂಟ್ ಎಲೆ ಮೆತ್ತಗಾಗಿ ಮಡಚಿ ಬಿದ್ದಿದೆ: ಚಳಿಯೋ, ನೀರೋ, ಕೊಳೆಯೋ?

ಕಿಟಕಿಪಕ್ಕ: ನನ್ನ ಸ್ನೇಕ್ ಪ್ಲಾಂಟಿನ ಮೂರು ಎಲೆ ಮೆತ್ತಗಾಗಿವೆ. ಎರಡು ನಡುವಿನಲ್ಲೇ ಮಡಚಿಕೊಂಡಿವೆ, ಒಂದು ಬುಡದಿಂದಲೇ ವಾಲಿದೆ. ಹತ್ತು ದಿನದ ಹಿಂದೆ ಎರಡು ರಾತ್ರಿ ವಿಪರೀತ ಚಳಿ ಇತ್ತು, ಆಗ ಗಿಡ ಕಿಟಕಿ ಗಾಜಿಗೆ ತಾಗಿಕೊಂಡೇ ಇತ್ತು. ನೀರು ವಾರಕ್ಕೊಮ್ಮೆ ಹಾಕುತ್ತೇನೆ. ಮಡಚಿದ ಜಾಗದ ಫೋಟೊ ಹಾಕಿದ್ದೇನೆ. ಇದು ಏನಿರಬಹುದು? ಅನುಭವ ಇದ್ದವರು ಹೇಳಿ.

ನೀರುಕೊಡ: ಫೋಟೊ ನೋಡಿದ ಕೂಡಲೇ ಗೊತ್ತಾಯಿತು, ನೀರು ಜಾಸ್ತಿಯಾಗಿದೆ. ಈ ಗಿಡಕ್ಕೆ ವಾರಕ್ಕೊಮ್ಮೆ ನೀರು ಯಾರಾದರೂ ಹಾಕುತ್ತಾರಾ? ಎಲೆ ಮೆತ್ತಗಾಯಿತು ಅಂದರೆ ನೀರೇ ಕಾರಣ, ಬೇರೆ ಏನೂ ಹುಡುಕಬೇಡಿ. ಒಂದು ತಿಂಗಳು ನೀರು ನಿಲ್ಲಿಸಿ, ತಾನಾಗಿ ನೆಟ್ಟಗಾಗುತ್ತದೆ. ನಾನು ಏಳೆಂಟು ಕುಂಡ ಹೀಗೇ ಉಳಿಸಿದ್ದೇನೆ.

ಬಾಲ್ಕನಿ ಅಕ್ಕ: ನನ್ನ ಗಿಡವೂ ಥೇಟ್ ಹೀಗೇ ಆಗಿತ್ತು ನೋಡಿ. ಎಲ್ಲರೂ "ನೀರು ಹಾಕಬೇಡಿ, ಹಾಕಬೇಡಿ" ಅಂದರು ಅಂತ ಮೂರು ತಿಂಗಳು ಹಾಕಲೇ ಇಲ್ಲ. ಎಲೆಗಳು ಉದ್ದುದ್ದಕ್ಕೆ ಗೆರೆಗೆರೆಯಾಗಿ ಒಳಮುಖ ಸುರುಳಿಕೊಂಡವು, ಆಮೇಲೆ ಒಂದೊಂದೇ ಬಗ್ಗಿದವು. ಕುಂಡದ ತಳದಿಂದ ಹರಿದು ಬರುವಷ್ಟು ನೀರು ಕೊಟ್ಟೆ. ಎರಡು ವಾರದಲ್ಲಿ ಮತ್ತೆ ತುಂಬಿಕೊಂಡವು. ಹಾಗಾಗಿ ನೀವೂ ಚೆನ್ನಾಗಿ ನೀರು ಕೊಡಿ ಅಂತ ನನ್ನ ಸಲಹೆ.

ಮಣ್ಣುಕೈ: ಅಕ್ಕಾ, ದಯವಿಟ್ಟು ಈಗಲೇ ನೀರು ಕೊಡಿಸಬೇಡಿ. ನಿಮ್ಮದು ಬಾಯಾರಿದ ಗಿಡ. ಬಾಯಾರಿದ ಎಲೆ ತೆಳ್ಳಗಾಗುತ್ತದೆ, ಉದ್ದಕ್ಕೆ ಸುಕ್ಕು ಬರುತ್ತದೆ, ಆದರೆ ಒತ್ತಿದರೆ ಒಣ ಚರ್ಮದ ಹಾಗೆ ಇರುತ್ತದೆ. ಇವರ ಫೋಟೊದ ಎಲೆ ದಪ್ಪಗೇ ಇದೆ, ಸುಕ್ಕೇ ಇಲ್ಲ. ಅದು ಬೇರೆ ಕಥೆ.

ಕಿಟಕಿಪಕ್ಕ ಅವರೇ, ಈ ಫೋಟೊಗಳಿಂದ ನಾನಂತೂ ಏನೂ ಹೇಳಲಾರೆ. ಎರಡು ಕಾರಣ. ಮೊದಲನೆಯದು, ಹಳದಿ ಬಲ್ಬಿನ ಕೆಳಗೆ ತೆಗೆದಿದ್ದೀರಿ. ಆ ಬೆಳಕಿನಲ್ಲಿ ಚೆನ್ನಾಗಿರುವ ಎಲೆಯೂ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಎರಡನೆಯದು, ಎಲ್ಲರೂ ಮಾಡುವ ಹಾಗೆ ಮಡಚಿದ ಜಾಗವನ್ನೇ ತೆಗೆದಿದ್ದೀರಿ. ಎಲೆ ಎಲ್ಲಿ ಭಾರ ತಾಳದೋ ಅಲ್ಲಿ ಮಡಚುತ್ತದೆ, ಕಾಯಿಲೆ ಅಲ್ಲೇ ಶುರುವಾಗಿರಬೇಕು ಅಂತಿಲ್ಲ. ಮೆತ್ತಗಾಗಲು ಶುರುವಾಗಿದ್ದು ಎಲ್ಲಿಂದ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮತ್ತೆ ತೆಗೆಯಿರಿ. ಮೇಲಿನ ಮಣ್ಣನ್ನು ಬೆರಳಿನಿಂದ ಎರಡು ಇಂಚು ಸರಿಸಿ ಪ್ರತಿ ಎಲೆಯ ಬುಡ ತೋರಿಸಿ. ಮಡಚಿದ ಎಲೆಗಳ ಎರಡೂ ಮೈ ಬೇಕು, ಗಾಜಿನ ಕಡೆಗೆ ಯಾವುದಿತ್ತು ಅಂತ ಬರೆಯಿರಿ. ಕುಂಡದ ತಳದ ತೂತು ಕಾಣುವ ಹಾಗೆ ಒಂದು. ಇನ್ನೆರಡು ವಿಷಯ ಫೋಟೊದಲ್ಲಿ ಬರುವುದಿಲ್ಲ, ನೀವೇ ಹೇಳಬೇಕು: ಬುಡ ಹಿಸುಕಿದರೆ ಗಟ್ಟಿ ಇದೆಯಾ, ಮೂಗು ಹತ್ತಿರ ಇಟ್ಟರೆ ವಾಸನೆ ಬರುತ್ತದಾ.

ನೀರುಕೊಡ: ಇಷ್ಟೆಲ್ಲಾ ತನಿಖೆ ಬೇಕಾ ಸರ್? ಕೊನೆಗೆ ನೀರು ಅಂತಲೇ ಆಗುತ್ತದೆ, ನೋಡಿ.

ಕಿಟಕಿಪಕ್ಕ: ಹೊಸ ಫೋಟೊ ಹಾಕಿದ್ದೇನೆ. ಮಣ್ಣು ಸರಿಸಿದಾಗ ನನಗೇ ಆಶ್ಚರ್ಯವಾಯಿತು. ನಡುವೆ ಮಡಚಿದ ಎರಡು ಎಲೆಗಳ ಬುಡ ಕಲ್ಲಿನ ಹಾಗೆ ಗಟ್ಟಿ ಇದೆ. ಅವುಗಳ ಮೇಲಿನ ಅರ್ಧದಲ್ಲಿ, ಗಾಜಿನ ಕಡೆಯ ಮೈಯಲ್ಲಿ ಮಾತ್ರ, ನೀರು ಇಂಗಿದ ಕಾಗದದ ಹಾಗೆ ಮಂಕು ಮಚ್ಚೆಗಳಿವೆ. ಹಿಂದಿನ ಮೈ ಹಸಿರಾಗೇ ಇದೆ. ವಾಲಿದ ಮೂರನೆಯದು ಕಿಟಕಿಯಿಂದ ದೂರದ್ದು. ಮೇಲೆಲ್ಲಾ ಚೆನ್ನಾಗಿದೆ, ಬುಡ ಮಾತ್ರ ಹಳದಿ-ಕಂದು. ಸುಮ್ನೆ ಸ್ವಲ್ಪ ಎಳೆದೆ, ಕೈಗೇ ಬಂದುಬಿಟ್ಟಿತು! ತುದಿ ಲೋಳೆ ಲೋಳೆ, ವಾಸನೆ ಹೇಳಬಾರದು. ಇನ್ನೊಂದು ವಿಷಯ: ಗಿಡ ಪ್ಲಾಸ್ಟಿಕ್ ಕುಂಡದಲ್ಲಿದೆ, ಅದು ಅಂದದ ಪಿಂಗಾಣಿ ಕುಂಡದೊಳಗೆ ಕೂತಿದೆ. ಎತ್ತಿ ನೋಡಿದರೆ ಕೆಳಗೆ ಎರಡು ಬೆರಳಷ್ಟು ನೀರು ನಿಂತಿತ್ತು.

ಮಣ್ಣುಕೈ: ಈಗ ಚಿತ್ರ ಸರಿಯಾಗಿ ಸಿಕ್ಕಿತು. ನಿಮ್ಮ ಒಂದೇ ಕುಂಡದಲ್ಲಿ ಎರಡು ತೊಂದರೆ ಇದೆ.

ಮಡಚಿದ ಎರಡು ಎಲೆ ಚಳಿಯ ಪೆಟ್ಟು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಈ ಗಿಡಕ್ಕೆ ಆಗುವುದಿಲ್ಲ. ಕೋಣೆ ಅಷ್ಟು ತಣ್ಣಗಿಲ್ಲದಿದ್ದರೂ ಗಾಜಿನ ಹತ್ತಿರ ಇನ್ನೂ ತಣ್ಣಗಿರುತ್ತದೆ, ಗಾಜಿಗೆ ತಾಗಿದ ಎಲೆಗೆ ಪೆಟ್ಟು ಹೆಚ್ಚು. ಒಳಗಿನ ಜೀವಕೋಶ ಒಡೆದು ಅದರ ನೀರು ಹೊರಗೆ ಸೋರುತ್ತದೆ, ಅದಕ್ಕೇ ಇಂಗಿದ ಕಾಗದದ ಹಾಗೆ ಕಾಣುವುದು. ಆ ರಾತ್ರಿಯೇ ಗೊತ್ತಾಗುವುದಿಲ್ಲ, ಕೆಲವು ದಿನ ಬಿಟ್ಟು, ಕೆಲವು ಸಲ ವಾರದ ಮೇಲೆ ಕಾಣಿಸುತ್ತದೆ. ನಿಮ್ಮ ಹತ್ತು ದಿನದ ಲೆಕ್ಕಕ್ಕೆ ಸರಿಹೊಂದುತ್ತದೆ. ಒಂದೇ ಮೈಯಲ್ಲಿ ಇರುವುದು, ಬುಡ ಗಟ್ಟಿ ಇರುವುದು, ಇವೆರಡೂ ಸೇರಿದರೆ ನನಗೆ ಹೆಚ್ಚು ಅನುಮಾನ ಉಳಿಯುವುದಿಲ್ಲ. ನೀರು ಜಾಸ್ತಿಯಾದರೆ ಗಾಜಿನ ಕಡೆ, ಗೋಡೆ ಕಡೆ ಅಂತ ಭೇದ ಮಾಡುವುದಿಲ್ಲ ಅಲ್ವಾ?

ಮೂರನೆಯದು ಕೊಳೆ, ಅದು ಪಿಂಗಾಣಿ ಕುಂಡದ ಕೊಡುಗೆ. ನೀರುಕೊಡ ಅವರು ಅಲ್ಲಿಗೆ ಸರಿ. ಆದರೆ "ಒಂದು ತಿಂಗಳು ನೀರು ನಿಲ್ಲಿಸಿ" ಅನ್ನುವುದು ಇಲ್ಲಿ ಸಾಲದು. ಬರೀ ಒದ್ದೆ ಮಣ್ಣಿದ್ದರೆ ಒಣಗಿಸಿ ಕಾಯಬಹುದು. ಎಲೆ ಕೈಗೆ ಕಿತ್ತು ಬಂದು ನಾತ ಹೊಡೆದರೆ ಗೆಡ್ಡೆಯೊಳಗೆ ಕೊಳೆ ಹೊಕ್ಕಿದೆ. ಅದು ಮೇಲಿನ ಮಣ್ಣು ಒಣಗಿದೆ ಅಂತ ನಿಲ್ಲುವುದಿಲ್ಲ. ಇವತ್ತೇ ಕುಂಡದಿಂದ ಹೊರಗೆ ತೆಗೆಯಿರಿ.

ಮಣ್ಣು ಉದುರಿಸಿದರೆ ಅಡ್ಡಡ್ಡ ಹರಡಿದ ದಪ್ಪ ಗೆಡ್ಡೆ ಕಾಣುತ್ತದೆ. ಕೊಳೆತ ಕಡೆಯಿಂದ ಚೂರು ಚೂರೇ ಕತ್ತರಿಸುತ್ತಾ ಬನ್ನಿ, ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ಮುಖ ಪೂರ್ತಿ ಬಿಳಿ ಅಥವಾ ಕೆನೆಬಣ್ಣ ಆಗಿ, ಗಟ್ಟಿಯಾಗಿರಬೇಕು. ನಡುವೆ ಒಂದು ಕಂದು ಚುಕ್ಕೆ ಉಳಿದರೂ ಇನ್ನೊಂದು ಚೂರು ಕತ್ತರಿಸಿ. ಇಲ್ಲೇ ಎಲ್ಲರೂ ತಪ್ಪುವುದು. ಗಿಡ ಚಿಕ್ಕದಾಗುತ್ತದೆ ಅಂತ ಕರುಣೆ ತೋರಿಸುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಅದೇ ವಾಸನೆ. ಕಪ್ಪಾದ, ಎಳೆದರೆ ಸಿಪ್ಪೆ ಜಾರುವ ಬೇರುಗಳನ್ನೂ ತೆಗೆಯಿರಿ. ಆಮೇಲೆ ನೆರಳಲ್ಲಿ ಐದಾರು ದಿನ ಹಾಗೇ ಒಣಗಲು ಬಿಡಿ. ಏನೂ ಆಗುವುದಿಲ್ಲ, ಎಲೆಯಲ್ಲೇ ನೀರಿನ ದಾಸ್ತಾನು ಇದೆ.

ಆಮೇಲೆ ಅರ್ಧಕ್ಕರ್ಧ ದಪ್ಪ ಮರಳು ಅಥವಾ ಪರ್ಲೈಟ್ ಬೆರೆಸಿದ ಮಣ್ಣಿನಲ್ಲಿ, ಉಳಿದ ಗೆಡ್ಡೆಗೆ ಹಿಡಿಸುವಷ್ಟೇ ಸಣ್ಣ ಕುಂಡದಲ್ಲಿ ನೆಡಿ. ನೆಟ್ಟ ಮೇಲೂ ಒಂದು ವಾರ ನೀರು ಬೇಡ.

ಹಳೇಕುಂಡ: ಚಳಿ ಮಚ್ಚೆಯೋ ಕೊಳೆಯೋ ಅಂತ ಅನುಮಾನ ಬಂದಾಗ ನಾನೊಂದು ಉಪಾಯ ಮಾಡುತ್ತೇನೆ. ಮಚ್ಚೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಫೋಟೊ ತೆಗೆದು, ಮೂರು ದಿನ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೆಯುತ್ತೇನೆ. ಚಳಿಯದ್ದು ಪೂರ್ತಿ ಹೊರಬಿದ್ದ ಮೇಲೆ ಗೆರೆ ದಾಟುವುದಿಲ್ಲ, ಒಣಗಿ ಬೆಳ್ಳಗೆ ತಗ್ಗಾಗುತ್ತದೆ. ಕೊಳೆ ಗೆರೆ ದಾಟಿ ನಡೆಯುತ್ತದೆ.

ಮಣ್ಣುಕೈ: ಒಳ್ಳೆ ಉಪಾಯ, ನಾನೂ ಮಾಡಿದ್ದೇನೆ. ಒಂದು ಎಚ್ಚರ: ಚಳಿಯಿಂದ ಸತ್ತ ಜಾಗಕ್ಕೆ ಆಮೇಲೆ ಕೊಳೆ ಹತ್ತುವುದೂ ಉಂಟು, ಅದರಲ್ಲೂ ಎಲೆ ಮೇಲೆ ನೀರು ಚಿಮುಕಿಸುವವರ ಮನೆಯಲ್ಲಿ. ಹಾಗಾಗಿ ಗೆರೆ ದಾಟಿದರೆ "ಮೊದಲಿನಿಂದ ಕೊಳೆಯೇ ಇತ್ತು" ಅಂತ ತೀರ್ಮಾನಿಸಬೇಡಿ. ಆ ಭಾಗ ಕತ್ತರಿಸಿ, ಅಷ್ಟೆ.

ಮೂಲೆಗಿಡ: ನಂದು ಮಡಚುವುದಿಲ್ಲ, ಆದರೆ ಹೊಸ ಎಲೆಗಳು ತೆಳ್ಳಗೆ, ಸಪೂರವಾಗಿ ಬಂದು ಬಳುಕುತ್ತವೆ. ಮಚ್ಚೆ ಇಲ್ಲ, ವಾಸನೆ ಇಲ್ಲ. ಇದೂ ಕೊಳೆನಾ?

ಹಳೇಕುಂಡ: ಕತ್ತಲೆ ಮೂಲೆಯಲ್ಲಿ ಇಟ್ಟಿದ್ದೀರಿ ಅಂತ ನಿಮ್ಮ ಹೆಸರೇ ಹೇಳುತ್ತಿದೆ! ಬೆಳಕು ಸಾಲದು. ಈಗಿರುವ ಎಲೆ ದಪ್ಪವಾಗುವುದಿಲ್ಲ, ಬೆಳಕಿಗೆ ತಂದರೆ ಮುಂದಿನ ಎಲೆ ಸರಿಯಾಗಿ ಬರುತ್ತದೆ.

ಕಿಟಕಿಪಕ್ಕ: ಹೊರಗೆ ತೆಗೆದೆ. ಗೆಡ್ಡೆಯ ಮೂರನೇ ಒಂದು ಭಾಗ ಹೋಯಿತು. ನಾಲ್ಕನೇ ಸಲ ಕತ್ತರಿಸಿದಾಗ ಮುಖ ಬಿಳಿಯಾಗಿ ಬಂತು. ನಡುವಿನಲ್ಲಿ ಬೇರಿನ ಸುತ್ತ ನರ್ಸರಿಯ ಹಳೇ ಕೋಕೋಪೀಟ್ ಒಂದು ಮುದ್ದೆ ಇತ್ತು. ಸುತ್ತಲಿನ ಮಣ್ಣು ಒಣಗಿದ್ದರೂ ಅದು ಹಿಂಡಿದರೆ ನೀರು ಬರುವಷ್ಟು ಒದ್ದೆ. ಬೆರಳಿಟ್ಟು ನೋಡಿ ಒಣಗಿದೆ ಅಂತ ನೀರು ಹಾಕುತ್ತಿದ್ದವಳು ನಾನೇ. ಮಡಚಿದ ಎರಡು ಎಲೆ ಏನು ಮಾಡಲಿ? ಕಡ್ಡಿ ಕಟ್ಟಿದರೆ ನಿಲ್ಲುತ್ತದಾ?

ನೀರುಕೊಡ: ಬುಡದಿಂದಲೇ ಕತ್ತರಿಸಿ ಎಸೆಯಿರಿ, ಚೆನ್ನಾಗಿ ಕಾಣುವುದಿಲ್ಲ. (ನೀರಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಯಿತಲ್ಲ!)

ಮಣ್ಣುಕೈ: ಎಸೆಯಬೇಡಿ. ಮಡಿಕೆ ಮತ್ತೆ ನೆಟ್ಟಗಾಗುವುದಿಲ್ಲ, ಅದು ನಿಜ. ಕಡ್ಡಿ ಕಟ್ಟಿದರೆ ನಿಂತಿರುತ್ತದೆ, ವಾಸಿಯಾಗುವುದಿಲ್ಲ. ಆದರೆ ಮಡಿಕೆಯ ಕೆಳಗಿನ ಹಸಿರು ಭಾಗ ಗಿಡಕ್ಕೆ ಆಹಾರ ಮಾಡಿಕೊಡುತ್ತದೆ, ಬೇರು ಕಳೆದುಕೊಂಡ ಗಿಡಕ್ಕೆ ಈಗ ಅದು ಬೇಕು. ಮಚ್ಚೆಗಿಂತ ಒಂದಿಂಚು ಕೆಳಗೆ ಕತ್ತರಿಸಿ, ಉಳಿದದ್ದು ಬಿಡಿ. ಹೊಸ ಎಲೆ ಬಂದ ಮೇಲೆ ಚೆಂದದ ಮಾತು ಆಡೋಣ.

ಕೈಗೆ ಕಿತ್ತು ಬಂದ ಎಲೆಯ ಮೇಲ್ಭಾಗ ಚೆನ್ನಾಗಿದೆ ಅಂದಿರಲ್ಲ, ಅದನ್ನು 8-10 ಸೆಂಟಿಮೀಟರ್ ತುಂಡು ಮಾಡಿ. ಕೆಳಗಿನ ತುದಿ ಯಾವುದು ಅಂತ ಗುರುತು ಹಾಕಿ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ಎರಡು ಮೂರು ದಿನ ಒಣಗಿಸಿ ಮರಳುಮಣ್ಣಿಗೆ ಚುಚ್ಚಿ. ಬೇರಿಗೆ ಒಂದೆರಡು ತಿಂಗಳು, ಮರಿಗೆ ಅದಕ್ಕಿಂತ ಜಾಸ್ತಿ. ನಿಮ್ಮದು ಹಳದಿ ಅಂಚಿನ ಜಾತಿ, ತುಂಡಿನಿಂದ ಬರುವ ಮರಿಗೆ ಆ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕಿದ್ದರೆ ಗೆಡ್ಡೆಯನ್ನೇ ಉಳಿಸಿಕೊಳ್ಳಬೇಕು.

ಬಾಲ್ಕನಿ ಅಕ್ಕ: ಅಯ್ಯೋ, ನನ್ನ ಮರಿಗಳು ಬರೀ ಹಸಿರಾಗಿದ್ದು ಬಿಸಿಲು ಸಾಲದೆ ಅಂದುಕೊಂಡಿದ್ದೆ! ವರ್ಷದಿಂದ ಕಿಟಕಿ ಕಿಟಕಿಗೆ ಹೊತ್ತು ತಿರುಗಿಸುತ್ತಿದ್ದೇನೆ.

ಕಿಟಕಿಪಕ್ಕ: ಕತ್ತರಿಸಿದ್ದು ಆರು ದಿನ ಒಣಗಿಸಿ ಇವತ್ತು ನೆಟ್ಟೆ. ಒಂದು ಎಲೆಯ ಮಚ್ಚೆ ಮಾರ್ಕರ್ ಗೆರೆಯೊಳಗೇ ಇದೆ. ಇನ್ನೊಂದರಲ್ಲಿ ಕೂದಲೆಳೆಯಷ್ಟು ದಾಟಿದ ಹಾಗಿದೆ, ಅಥವಾ ನಾನು ಫೋಟೊ ಓರೆಯಾಗಿ ತೆಗೆದಿರಬಹುದು.

ಹಳೇಕುಂಡ: ಹೊಸ ಗೆರೆ ಬೇರೆ ಬಣ್ಣದಲ್ಲಿ ಎಳೆದು, ಫೋನನ್ನು ಅದೇ ಎತ್ತರದಲ್ಲಿ ಇಟ್ಟು ಇನ್ನೊಂದು ಮೂರು ದಿನ ನೋಡಿ.