ಐದನೇ ತರಗತಿಗೆ ಒಂದೇ ಗದ್ಯ, ಮೂರು ಹಂತ: ಮಾಡಿದವರು ಹೇಳಿ

ಕೇಳಿದವರು: ನನ್ನ ತರಗತಿಯಲ್ಲಿ 27 ಮಕ್ಕಳು. ಕೆಲವರು ಪೇಪರ್ ಓದುತ್ತಾರೆ, ಕೆಲವರು ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾರೆ. ಇಂಗುಗುಂಡಿ ಬಗ್ಗೆ ಒಂದು ಗದ್ಯವನ್ನು ಸುಲಭ, ಮಧ್ಯಮ, ಕಷ್ಟ ಅಂತ ಮೂರು ಥರ ಬರೆಯಬೇಕು. ಹೇಗೆ ಮಾಡಿದಿರಿ?

ಮಲೆನಾಡಿನ ಟೀಚರ್: ನಾನು ಮೊದಲ ವರ್ಷ ಮಾಡಿದ ತಪ್ಪು ಇನ್ನೂ ಚುಚ್ಚುತ್ತದೆ. ಕಷ್ಟದ ಗದ್ಯ ಮೊದಲು ಬರೆದೆ, ಆಮೇಲೆ ಕತ್ತರಿಸುತ್ತಾ ಹೋದೆ. ಒತ್ತಕ್ಷರ ಇದೆ ಅಂತ 'ಆದ್ದರಿಂದ' ತೆಗೆದೆ, 'ಇಂಗಲಿಲ್ಲ' ತೆಗೆದೆ. ಕೊನೆಗೆ ಉಳಿದದ್ದು 'ಮಳೆ ಬಂತು. ಬಾವಿ ಒಣಗಿತು.' ಬಾವಿ ಯಾಕೆ ಒಣಗಿತು ಅಂತ ಕೇಳಿದರೆ ಒಬ್ಬ ಹುಡುಗ ಎದ್ದು ನಿಂತು 'ಮಳೆ ಬಂದಿದ್ದಕ್ಕೆ ಟೀಚರ್' ಅಂದ. ಅವನು ಸರಿಯಾಗೇ ಓದಿದ್ದ. ಬರೆದದ್ದೇ ತಪ್ಪು.

ಈಗ ಮೊದಲು ಪ್ರಶ್ನೆ ಬರೆಯುತ್ತೇನೆ. ಅದಕ್ಕೆ ಮೂರು ಹಾಳೆಯಲ್ಲೂ ಉತ್ತರ ಸಿಗಬೇಕು. ಆಮೇಲೆ ಸುಲಭದ್ದು ಬರೆಯುತ್ತೇನೆ, ಒತ್ತಕ್ಷರ ಒಂದೂ ಇಲ್ಲದೆ:

'ಮಳೆ ಜೋರಾಗಿ ಬಂತು. ನೀರು ಬೇಗ ಓಡಿತು. ಹಾಗಾಗಿ ನೆಲದೊಳಗೆ ಇಂಗದೆ ಹೋಯಿತು. ಬೇಸಿಗೆಗೆ ಬಾವಿ ಒಣಗಿತು. ಊರಿನವರು ಇಂಗುಗುಂಡಿ ತೋಡಿದರು. ನೀರು ಗುಂಡಿಯೊಳಗೆ ನಿಂತಿತು. ನಿಧಾನವಾಗಿ ಇಂಗಿತು.'

'ಆದ್ದರಿಂದ' ಹೋಗಿ 'ಹಾಗಾಗಿ' ಬಂತು. 'ಇಂಗಲಿಲ್ಲ' ಹೋಗಿ 'ಇಂಗದೆ ಹೋಯಿತು' ಬಂತು. ಕಾರಣ ಉಳಿಯಿತು. ಮಧ್ಯಮಕ್ಕೆ ಸಜಾತಿ ಒತ್ತು ಮಾತ್ರ: 'ಮಳೆ ನೀರು ಬೇಗ ಓಡಿದರೆ ಮಣ್ಣಿಗೆ ಇಂಗುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ.' ಕಷ್ಟದ್ದಕ್ಕೆ ವಿಜಾತಿ ಒತ್ತು, ಅರ್ಕಾವತ್ತು, ಉದ್ದ ವಾಕ್ಯ: 'ಇಳಿಜಾರಿನಲ್ಲಿ ಮಳೆನೀರು ರಭಸದಿಂದ ಹರಿಯುವುದರಿಂದ ಮಣ್ಣಿಗೆ ಇಂಗುವ ಪ್ರಮಾಣ ಕಡಿಮೆಯಾಗಿ ಅಂತರ್ಜಲ ಕುಸಿಯುತ್ತದೆ.' 'ಇಂಗು' ಅನ್ನೋ ಪದ ಮಾತ್ರ ಮೂರರಲ್ಲೂ ಇರಲೇಬೇಕು. ಅದಿಲ್ಲದಿದ್ದರೆ ಕೊನೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸೋಕೆ ಆಗುವುದಿಲ್ಲ.

ತುಮಕೂರಿನ ಮೇಷ್ಟ್ರು: ಇಷ್ಟೆಲ್ಲಾ ಯಾಕೆ? ವಾಕ್ಯ ಚಿಕ್ಕದು ಮಾಡಿದರೆ ಸುಲಭ ಆಗುತ್ತೆ. ನಾನು ಹತ್ತು ಸಾಲಿನದನ್ನು ಐದು ಸಾಲು ಮಾಡಿ ಕೊಟ್ಟೆ, ಎಲ್ಲರೂ ಓದಿದರು.

ಮಲೆನಾಡಿನ ಟೀಚರ್: ಓದಿದರು ಸರ್, ಅರ್ಥ ಆಯ್ತಾ? 'ಅಂತರ್ಜಲ ಕುಸಿತ' ಎರಡೇ ಪದ. ನನ್ನ ಒಂಬತ್ತು ಮಕ್ಕಳಿಗೆ ಅದು ಬೆಟ್ಟ. ಚಿಕ್ಕದೆಲ್ಲ ಸುಲಭ ಅಲ್ಲ.

ತುಮಕೂರಿನ ಮೇಷ್ಟ್ರು: ಹದಿನೆಂಟು ವರ್ಷ ಪಾಠ ಮಾಡಿದ್ದೇನೆ. ಅರ್ಥ ಆಗಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತೆ.

ಒಬ್ಬ ತಾಯಿ: ನನ್ನ ಮಗಳಿಗೂ ಹೀಗೇ ಮೂರು ಥರದ ಪ್ರಶ್ನೆಪತ್ರಿಕೆ ಕೊಟ್ಟರು. ಅವಳಿಗೆ ಸುಲಭದ್ದು. ಅಂಕ ಜಾಸ್ತಿ ಬಂತು, ಆದರೆ ಮನೆಗೆ ಬಂದು ಅತ್ತಳು.

ಮಲೆನಾಡಿನ ಟೀಚರ್: ಅಮ್ಮಾ, ಇದು ಪರೀಕ್ಷೆ ಅಲ್ಲ, ಓದುವ ಹಾಳೆ. ಆದರೆ ಅತ್ತದ್ದು ನಿಜವಾದ ಮಾತು. ನಾನು ಬಣ್ಣದ ಹಾಳೆಯಲ್ಲಿ ಕೊಟ್ಟಿದ್ದೆ, ಸುಲಭದ್ದು ಹಳದಿ. ಮೂರನೇ ದಿನಕ್ಕೆ ಒಬ್ಬಳು ಹಳದಿ ಹಾಳೆಯನ್ನು ಮಡಿಚಿ ಜೇಬಿಗೆ ತುರುಕಿ, ಪಕ್ಕದವಳ ಬಿಳಿ ಹಾಳೆ ನೋಡುತ್ತಾ ಕೂತಳು. ಬಣ್ಣದ ಹಾಳೆಗೆ, ಜೆರಾಕ್ಸಿಗೆ ನನ್ನ ಕೈಯಿಂದ 340 ರೂಪಾಯಿ ಹೋಗಿತ್ತು. ಎಲ್ಲಾ ಬಿಸಾಕಿ ಬಿಳಿ ಹಾಳೆಗೆ ಬಂದೆ. ಮೂರಕ್ಕೂ ಒಂದೇ ತಲೆಬರಹ, ಒಂದೇ ಚಿತ್ರ. ಗುರುತಿಗೆ ಮೂಲೆಯಲ್ಲಿ ಎಲೆ, ಹೂವು, ಕಾಯಿ.

ತುಮಕೂರಿನ ಮೇಷ್ಟ್ರು: ಎಲೆ ಹಾಕಿದರೂ ಮಕ್ಕಳಿಗೆ ಗೊತ್ತಾಗುತ್ತೆ. ಎರಡು ದಿನ ಸಾಕು.

ಮಲೆನಾಡಿನ ಟೀಚರ್: ಗೊತ್ತಾಗುತ್ತೆ, ಒಪ್ಪುತ್ತೇನೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಎಲೆ ಹಾಳೆ ಮುಗಿಸಿದವರಿಗೆ ಅವತ್ತೇ ಹೂವಿನ ಹಾಳೆ ಕೊಡುತ್ತೇನೆ. ವಿಷಯ ಆಗಲೇ ಗೊತ್ತಿರುವುದರಿಂದ 'ಮಣ್ಣಿಗೆ', 'ಬತ್ತುತ್ತದೆ' ಇವನ್ನು ಊಹಿಸಿಯಾದರೂ ಓದುತ್ತಾರೆ.

ಧಾರವಾಡದ ಅಕ್ಕೋರು: ನಿಮ್ಮ ಗದ್ಯ ನಮ್ಮ ಕಡೆ ನಡೆಯೋದಿಲ್ಲ. 'ಗುಂಡಿ' ಅಂದರೆ ನಮ್ಮ ಹುಡುಗರು ಅಂಗಿ ಗುಂಡಿ ಮುಟ್ಟಿ ತೋರಿಸುತ್ತಾರೆ. ನಮಗೆ ಅದು ತಗ್ಗು. ಒತ್ತಕ್ಷರ ಎಣಿಸೋ ಬದಲು ಮಕ್ಕಳ ಮನೆ ಮಾತು ಮೊದಲು ನೋಡಿರಿ.

ಮಂಗಳೂರು ಕಡೆಯವನು: ನಮ್ಮಲ್ಲಿ 'ತೋಡು' ಅಂದರೆ ನೀರು ಹರಿಯುವ ಹಳ್ಳ. 'ತೋಡಿದರು' ಓದಿ ಗಲಿಬಿಲಿ ಆಯಿತು. 'ಅಗೆದರು' ಹಾಕಿದೆ, ಅದಕ್ಕೂ ಒತ್ತಿಲ್ಲ.

ತುಮಕೂರಿನ ಮೇಷ್ಟ್ರು: ಒಂದೊಂದು ಜಿಲ್ಲೆಗೆ ಒಂದೊಂದು ಪಾಠ ಬರೆಯೋಣವಾ ಹಾಗಾದರೆ? ಪರೀಕ್ಷೆಯಲ್ಲಿ ಪುಸ್ತಕದ ಪದವೇ ಬರೋದು.

ಧಾರವಾಡದ ಅಕ್ಕೋರು: ಸರ್, ಓದಲಿಕ್ಕೇ ಬಾರದ ಹುಡುಗನ ಮುಂದೆ ಪರೀಕ್ಷೆ ಮಾತು ತೆಗೀಬೇಡಿರಿ. ಸಿಟ್ಟು ಬರುತ್ತದೆ.

ಮಲೆನಾಡಿನ ಟೀಚರ್: ಅಕ್ಕೋರೇ, 'ತಗ್ಗು' ಹಾಕಿ. ಅದು ಸಜಾತಿ ಒತ್ತು, ದಿನಾ ಬಾಯಲ್ಲಿರುವ ಪದ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದು, ತೋರಿಸಿ, ಆಮೇಲೆ ಹಾಳೆ ಕೊಡಿ. 'ಇಲ್ಲ' ಅನ್ನೋದನ್ನೂ ಹಾಗೇ ಕಲಿಸಿದೆ. ಎಷ್ಟು ದಿನ ಅಂತ 'ಇಲ್ಲ' ಇಲ್ಲದೆ ಬರೆಯೋದು?

ಧಾರವಾಡದ ಅಕ್ಕೋರು: ತಗ್ಗು ಹಾಕುತ್ತೇನೆ. ಆದರೆ ತಲೆಬರಹದಲ್ಲಿ 'ಇಂಗುಗುಂಡಿ' ಇಡಲೋ, 'ಇಂಗುತಗ್ಗು' ಮಾಡಲೋ? ಪಂಚಾಯ್ತಿ ಬೋರ್ಡಿನಲ್ಲಿ ಗುಂಡಿ ಅಂತಲೇ ಇದೆ, ಹುಡುಗರು ದಿನಾ ಅದರ ಮುಂದೆಯೇ ಬರುತ್ತಾರೆ.