ರೆಸಿಡ್ಯುಯಲ್ ಪ್ಲಾಟ್ ಓದೋದ್ರಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ನಾನು ಪುಣೆಲಿ ಸ್ಟ್ಯಾಟಿಸ್ಟಿಕ್ಸ್ ಎಂಎಸ್‌ಸಿ ಮಾಡ್ತಿದೀನಿ. ಅಸೈನ್‌ಮೆಂಟಿಗೆ ಕೋಥ್ರೂಡ್ ಕಡೆ 60 ಫ್ಲ್ಯಾಟಿನ ಬಾಡಿಗೆ ಮತ್ತೆ ಚದರಡಿ ತಗೊಂಡು ರಿಗ್ರೆಶನ್ ಹಾಕ್ದೆ, ಆಮೇಲೆ ಇದು:

```
plot(m, which = 1)
```

ಎಡಕ್ಕೆ ಚುಕ್ಕಿಗಳು ಸೊನ್ನೆ ಗೆರೆ ಮೇಲೆ, ಮಧ್ಯ ಕೆಳಗೆ, ಬಲಕ್ಕೆ ಮತ್ತೆ ಮೇಲೆ, ಅಂದ್ರೆ ವಕ್ರ ಇದೆ ಅಂತ ಗೊತ್ತಾಯ್ತು. ಜೊತೆಗೆ ಎಡಕ್ಕೆ ಹರಡಿರೋದು ಬರೀ ಎರಡು ಸಾವಿರ ಆಚೀಚೆ, ಬಲಕ್ಕೆ ಒಂಬತ್ತು ಸಾವಿರ, ಥೇಟ್ ಎಣ್ಣೆ ಹಾಕೋ ಆಲಿಕೆ ಥರ! ಚದರಡಿಯ ವರ್ಗದ ಪದ ಸೇರಿಸಿದ್ರೆ ವಕ್ರ ಹೋಯ್ತು, ಆಲಿಕೆ ಹಾಗೇ ಉಳೀತು. ಅದು ತೆಗೆದು ಬಾಡಿಗೆಗೆ ಮಾತ್ರ ಲಾಗ್ ತಗೊಂಡ್ರೆ ಆಲಿಕೆ ಹೋಯ್ತು ಆದ್ರೆ ವಕ್ರ ಈಗ ತಲೆಕೆಳಗಾಗಿ ಬಂತು, ಕೊನೆಗೆ ಎರಡಕ್ಕೂ ಲಾಗ್ ತಗೊಂಡ್ಮೇಲೆ ಹೆಚ್ಚುಕಮ್ಮಿ ಸಪಾಟಾಯ್ತು.

ನನ್ನ ಗೊಂದಲ ಏನಂದ್ರೆ ಈ ಕೊನೇ ಪ್ಲಾಟಿನ ಬಲತುದೀಲಿ ನಾಲ್ಕೇ ದೊಡ್ಡ ಫ್ಲ್ಯಾಟಿವೆ, ನಾಲ್ಕೂ ಗೆರೆ ಮೇಲೇ ಇವೆ, ಕೆಂಪು ಸ್ಮೂದರ್ ಗೆರೆ ಅಲ್ಲಿ ಮೇಲಕ್ಕೆ ಎಳೀತಿದೆ. ಇದನ್ನ ವಕ್ರ ಅನ್ಬೇಕಾ, ಇಲ್ಲ ಚುಕ್ಕಿ ಕಮ್ಮಿ ಅಂತ ಬಿಡ್ಬೇಕಾ? ಆ ನಾಲ್ಕನ್ನ ತೆಗೆದು ಮತ್ತೆ ಫಿಟ್ ಮಾಡಿದ್ರೆ ಇಳಿಜಾರು ಹೆಚ್ಚೇನೂ ಬದಲಾಗ್ಲಿಲ್ಲ. ರಿಪೋರ್ಟಲ್ಲಿ ಹೆಂಗೆ ಬರೀಲಿ, ಗೊತ್ತಿರೋರು ಸ್ವಲ್ಪ ಹೇಳಿ.