ಪದಚರ್ಚೆ: ಎಸ್‌ಪಿಎಸ್‌ಎಸ್ ಕೋಷ್ಟಕದ Sig. ಅಂಕಣಕ್ಕೆ "ಮಹತ್ವ" ಎನ್ನಬಹುದೇ?

ಕೇಳಿದವರು: ಬಿ.ಎ. ವಿದ್ಯಾರ್ಥಿನಿ

ಮಾನ್ಯ ಸದಸ್ಯರೇ, 60 ವಿದ್ಯಾರ್ಥಿಗಳ ಶೇಕಡಾವಾರು ಅಂಕಗಳಿಗೂ ಅವರು ವಾರಕ್ಕೆ ಓದುವ ಗಂಟೆ, ದಿನಕ್ಕೆ ಪ್ರಯಾಣಿಸುವ ನಿಮಿಷ ಇವೆರಡಕ್ಕೂ ಇರುವ ಸಂಬಂಧವನ್ನು ನೋಡುವುದು ನಮ್ಮ ಮೊದಲ ಕಿರುಸಂಶೋಧನೆ. ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ರಿಗ್ರೆಶನ್ ಮಾಡಿದಾಗ ಬಂದ ಕೊನೆಯ ಕೋಷ್ಟಕ ಇದು:

```
              B     Std. Error   Beta      t     Sig.
(Constant)  41.200    4.100             10.049   .000
hours        1.350     .310      .490    4.355   .000
travel       -.042     .028     -.169   -1.500   .139
```

ಇದರ ಕನ್ನಡ ಭಿತ್ತಿಪತ್ರ ನಾಳೆ ಮುದ್ರಣಕ್ಕೆ ಹೋಗಬೇಕು. Sig. ಎಂಬುದು significance ಎಂಬುದರ ಸಂಕ್ಷೇಪವಾದ್ದರಿಂದ ನಿಘಂಟು ನೋಡಿ ಕೊನೆಯ ಅಂಕಣಕ್ಕೆ "ಮಹತ್ವ" ಎಂದು ಬರೆದಿದ್ದೆವು. ಕರಡು ಓದಿದ ಗೆಳತಿ, "ಹಾಗಾದರೆ ಓದಿನ ಮಹತ್ವ ಸೊನ್ನೆ, ಪ್ರಯಾಣದ್ದೇ ಹೆಚ್ಚು ಎಂದಾಯಿತಲ್ಲ" ಎಂದಳು. ಸರಿಯಾದ ಪದ ಯಾವುದು?

ನಿವೃತ್ತ ಕಚೇರಿ ಅಧೀಕ್ಷಕರು

Sig. ಎಂಬುದು ಸಹಿಯ ಸಂಕ್ಷೇಪ. ನಮ್ಮ ಕಡತಗಳಲ್ಲಿ ಕೊನೆಯ ಅಂಕಣಕ್ಕೆ "ಸಹಿ" ಎಂದೇ ಬರೆಯುತ್ತಿದ್ದೆವು. ಇದಕ್ಕೆ ಚರ್ಚೆಯ ಅಗತ್ಯವಿಲ್ಲ.

ಅನುವಾದಕರು

ಸಹಿಯ ಜಾಗದಲ್ಲಿ .139 ಎಂದು ಯಾರೂ ಬರೆಯುವುದಿಲ್ಲ, ಸ್ವಾಮಿ. ಫಲಿತಾಂಶವು ಆಕಸ್ಮಿಕವಾಗಿ ಬಂದಿರುವ ಸಾಧ್ಯತೆಯನ್ನು ಆ ಅಂಕಣ ತಿಳಿಸುತ್ತದೆ; ಆದ್ದರಿಂದ "ಆಕಸ್ಮಿಕ ಸಾಧ್ಯತೆ" ಎಂದು ಹಾಕಿರಿ. ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ.

ಸಂಖ್ಯಾಶಾಸ್ತ್ರದ ಅಧ್ಯಾಪಕರು

ಚಿಕ್ಕ ಸಂಖ್ಯೆಯ ಮಾತು ಸರಿ, ಉಳಿದದ್ದು ಸರಿಯಲ್ಲ. ಪ್ರಯಾಣಕ್ಕೂ ಅಂಕಕ್ಕೂ ನಿಜವಾಗಿ ಏನೂ ಸಂಬಂಧವಿಲ್ಲ ಎಂದು ಮೊದಲು ಇಟ್ಟುಕೊಂಡು, ಹಾಗಿದ್ದರೂ ಸೊನ್ನೆಯಿಂದ 1.5ರಷ್ಟು ಅಥವಾ ಅದಕ್ಕೂ ದೂರದ t ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿದಾಗ .139 ಬರುತ್ತದೆ. ಸಂಬಂಧವಿಲ್ಲ ಎಂಬುದನ್ನು ಊಹೆಯಾಗಿ ಇಟ್ಟುಕೊಂಡೇ ಹೊರಟ ಲೆಕ್ಕವು ಆ ಊಹೆ ನಿಜವಾಗಿರುವ ಸಾಧ್ಯತೆಯನ್ನು ಹೇಳಲಾರದು. "ಆಕಸ್ಮಿಕ ಸಾಧ್ಯತೆ" ಎಂದರೆ ಓದುಗರು ಅದನ್ನೇ ತಿಳಿಯುತ್ತಾರೆ.

"ಮಹತ್ವ"ದ ತೊಡಕು ಬೇರೆ. ಪ್ರಭಾವದ ಗಾತ್ರ Sig. ಅಂಕಣದಲ್ಲಿ ಇರುವುದೇ ಇಲ್ಲ. ಅದನ್ನು B ಅಂಕಣದಲ್ಲಿ ನೋಡಬೇಕು: ಪ್ರಯಾಣದ ಸಮಯ ಅಷ್ಟೇ ಇದ್ದು ವಾರಕ್ಕೆ ಒಂದು ಗಂಟೆ ಹೆಚ್ಚು ಓದುವವರ ಅಂಕ ಸರಾಸರಿ 1.35 ಹೆಚ್ಚಿದೆ. ಆದರೆ B ಅಂಕಣದ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ. ಪ್ರಯಾಣವನ್ನು ನಿಮಿಷದ ಬದಲು ಗಂಟೆಯಲ್ಲಿ ತುಂಬಿ ನೋಡಿ, -.042 ಇದ್ದದ್ದು -2.520 ಆಗಿ ಓದಿನ 1.350ಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಆದರೆ Beta, t, Sig. ಮೂರೂ ಇದ್ದಂತೆಯೇ ಇರುತ್ತವೆ. ಎರಡನ್ನೂ ತೂಗಿ ನೋಡಲೇಬೇಕಿದ್ದರೆ Beta ಅಂಕಣವೇ ವಾಸಿ.

.000 ಎಂಬುದೂ ಸೊನ್ನೆಯಲ್ಲ. ಕೋಷ್ಟಕವನ್ನು ತೆರೆದು ಆ ಕೋಶದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಪೂರ್ತಿ ಸಂಖ್ಯೆ ಕಾಣುತ್ತದೆ. ಭಿತ್ತಿಪತ್ರದಲ್ಲಿ "0.001ಕ್ಕಿಂತ ಕಡಿಮೆ" ಎಂದು ಬರೆಯಿರಿ. ಅಂಕಣಕ್ಕೆ "ಪಿ-ಮೌಲ್ಯ" ಎಂಬ ಹೆಸರು ಸಾಕು, ವಿವರಣೆಯ ವಾಕ್ಯದಲ್ಲಿ "ಸಾರ್ಥಕ" ಎನ್ನಬಹುದು.

ಅಚ್ಚಗನ್ನಡದ ಪರವಾದ ಸದಸ್ಯರು

ಪಿ ಇಂಗ್ಲಿಷ್, ಮೌಲ್ಯ ಸಂಸ್ಕೃತ. ಇದರಲ್ಲಿ ಕನ್ನಡ ಎಲ್ಲಿದೆ? "ಹುರುಳು" ಎಂಬ ಪದ ನಮ್ಮಲ್ಲೇ ಇರುವಾಗ ಎರಡು ಮನೆಗಳಿಂದ ಸಾಲ ತರುವುದು ಸೋಮಾರಿತನ. ರಿಗ್ರೆಶನ್ ಎಂಬುದನ್ನೂ ಹಾಗೆಯೇ ಬಿಟ್ಟಿದ್ದೀರಿ. "ಹಿಂಜರಿತ" ಎನ್ನಲು ಏನು ಅಡ್ಡಿ?

ಸಂಖ್ಯಾಶಾಸ್ತ್ರದ ಅಧ್ಯಾಪಕರು

ಹಿಂಜರಿತವನ್ನು ಪತ್ರಿಕೆಗಳು ಆರ್ಥಿಕತೆಗೆ ಆಗಲೇ ಕೊಟ್ಟಾಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿನಿ ಅದನ್ನು ಬಳಸಿದರೆ ಅನರ್ಥ. ಎತ್ತರದ ತಂದೆತಾಯಿಯರ ಮಕ್ಕಳ ಎತ್ತರ ಸರಾಸರಿಯತ್ತ ಸರಿಯುವುದನ್ನು ಕುರಿತು 1886ರಲ್ಲಿ ಬರೆದಾಗ ಗಾಲ್ಟನ್ ಆ ಹೆಸರನ್ನು ಬಳಸಿದರು. ಇವರ ಕೋಷ್ಟಕದಲ್ಲಿ ಯಾವುದೂ ಹಿಂದಕ್ಕೆ ಹೋಗುತ್ತಿಲ್ಲ.

"ಹುರುಳು" ಇನ್ನೂ ಅಪಾಯ, ಏಕೆಂದರೆ .139 ಇರುವ ಸಾಲನ್ನು "ಹುರುಳಿಲ್ಲ" ಎಂದು ಓದುತ್ತಾರೆ. ಇವರ B -.042, ಅದರ 95 ಶೇಕಡಾ ವ್ಯಾಪ್ತಿ ಸುಮಾರು -.098ರಿಂದ .014ರವರೆಗೆ. ದಿನಕ್ಕೆ ಒಂದು ಗಂಟೆ ಹೆಚ್ಚು ಪ್ರಯಾಣಿಸುವವರ ಅಂಕ ಆರರಷ್ಟು ಕಡಿಮೆ ಇರಬಹುದು, ಒಂದು ಅಂಕ ಹೆಚ್ಚೂ ಇರಬಹುದು. 60 ಮಂದಿಯ ದತ್ತಾಂಶದಿಂದ ತೀರ್ಮಾನ ಹೇಳಲಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ.

ಅಚ್ಚಗನ್ನಡದ ಪರವಾದ ಸದಸ್ಯರು

ಹಾಗಾದರೆ "ಸಾರ್ಥಕ" ಮಾತ್ರ ಹೇಗೆ ಸರಿ? "ಪ್ರಯಾಣ ಸಾರ್ಥಕವಲ್ಲ" ಎಂದು ಭಿತ್ತಿಪತ್ರದಲ್ಲಿ ಓದಿದವರು ಬಸ್ಸು ಹತ್ತಿದ್ದೇ ವ್ಯರ್ಥ ಎಂದುಕೊಳ್ಳುತ್ತಾರೆ.

ಅನುವಾದಕರು

ಈ ಆಕ್ಷೇಪ ನ್ಯಾಯವಾದದ್ದು. "ಸಂಖ್ಯಾಶಾಸ್ತ್ರೀಯವಾಗಿ ಸಾರ್ಥಕ" ಎಂದು ಪೂರ್ತಿ ಬರೆದರೆ ಅರ್ಥ ಉಳಿಯುತ್ತದೆ, ಆದರೆ ಭಿತ್ತಿಪತ್ರದಲ್ಲಿ ಜಾಗ ಉಳಿಯುವುದಿಲ್ಲ.

ವಿದ್ಯಾರ್ಥಿನಿ

ಎಲ್ಲರಿಗೂ ವಂದನೆಗಳು. ಅಂಕಣಕ್ಕೆ "ಪಿ-ಮೌಲ್ಯ" ಎಂದು ಹಾಕಿ, "ಸಾರ್ಥಕ" ಪದವನ್ನು ಬಿಟ್ಟು, ಪ್ರಯಾಣದ ಸಾಲಿನ ಕೆಳಗೆ "ಈ ದತ್ತಾಂಶದಿಂದ ಖಚಿತವಾಗಿ ಹೇಳಲಾಗದು" ಎಂದು ಬರೆದು ಅದರ ವ್ಯಾಪ್ತಿಯನ್ನೂ ಕೊಡುತ್ತಿದ್ದೇವೆ. `Std. Error` ಎಂಬುದನ್ನು "ಪ್ರಮಾಣಿತ ದೋಷ" ಎಂದಿದ್ದೇವೆ. ದೋಷ ಎಂದರೆ ನಾವೇ ಏನೋ ತಪ್ಪು ಮಾಡಿದಂತೆ ಕಾಣುತ್ತದೆಯೇ?

ಅಚ್ಚಗನ್ನಡದ ಪರವಾದ ಸದಸ್ಯರು

ಕಾಣುತ್ತದೆ.